ಡಾಕ್‌ಗೆ ಬಂದರೂ ಚಾರ್ಜ್ ಆಗದ ರೋಬೋಟ್

ಚಿಕ್ಕಮಗಳೂರಿನ ನಮ್ಮ ಕಾಫಿ ಕಣದಲ್ಲಿ ಬೀಜ ಕೆದಕಲು ಒಂದು ಸಣ್ಣ ರೋಬೋಟ್ ಮಾಡಿಕೊಂಡಿದ್ದೇನೆ. ಸಂಜೆ ಅದು ತಾನಾಗಿಯೇ ಶೆಡ್ಡಿಗೆ ಬಂದು, ಚಾರ್ಜ್ ಮಾಡುವ ಡಾಕ್‌ನ ಎರಡೂ ಲೋಹದ ಪಟ್ಟಿಗಳಿಗೆ ತಾಗಿ ನಿಲ್ಲಬೇಕು. ದೂರದಿಂದ ನೆಟ್ಟಗೆ ಬರುತ್ತಿತ್ತು, ಕೊನೆಯ ಒಂದಡಿಯಲ್ಲಿ ವಾರೆಯಾಗಿ ಒಂದೇ ಪಟ್ಟಿಗೆ ತಾಗಿ ನಿಲ್ಲುತ್ತಿತ್ತು.

ಡಾಕ್‌ನಲ್ಲಿ ಎರಡು ಇನ್‌ಫ್ರಾರೆಡ್ ಎಲ್‌ಇಡಿಗಳಿವೆ. ಎಡದ್ದು ಒಂದು ಕೋಡ್, ಬಲದ್ದು ಇನ್ನೊಂದು. ಸರದಿಯಂತೆ 38 ಕಿಲೋಹರ್ಟ್ಸ್‌ನಲ್ಲಿ ಕಳಿಸುತ್ತವೆ. ಎರಡೂ ಸಿಕ್ಕರೆ ರೋಬೋಟ್ ನಡುವೆ ಇದೆ ಎಂದರ್ಥ. ನಾನು ಸುಮ್ನೆ ಮೋಟಾರನ್ನು ಬೈಯುತ್ತಿದ್ದೆ. ಬಂದ ಕೋಡ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಗೊತ್ತಾಯಿತು: ಹತ್ತಿರದಲ್ಲಿ ಬೆಳಕು ಜಾಸ್ತಿಯಾಗಿ, ಸುಣ್ಣದ ಗೋಡೆಗೂ ಬಡಿದು, ಎಲ್ಲಿ ನಿಂತರೂ ಎರಡೂ ಸಿಗುತ್ತಿದ್ದವು!

ಎಲ್‌ಇಡಿಗಳ ನಡುವೆ ಕಪ್ಪು ಬಳಿದ ತಗಡು ನಿಲ್ಲಿಸಿದೆ. ರೆಸಿಸ್ಟರ್ 100 ಓಮ್ ಇದ್ದದ್ದನ್ನು 330 ಮಾಡಿ ಬೆಳಕು ತಗ್ಗಿಸಿದೆ. ಈಗ ಎರಡೂ ಸಿಗುವ ಜಾಗ ಅಂಗೈ ಅಗಲ ಮಾತ್ರ.

ತಾಗಿದ ಮೇಲೆ ರೋಬೋಟ್ ಅರ್ಧ ಸೆಕೆಂಡ್ ವೋಲ್ಟೇಜ್ ನೋಡುತ್ತದೆ. ಬರದಿದ್ದರೆ 5 ಡಿಗ್ರಿ ಎಡಕ್ಕೆ, ಬಲಕ್ಕೆ ಅಲುಗುತ್ತದೆ. ಆಗಲೂ ಇಲ್ಲದಿದ್ದರೆ ಎರಡಡಿ ಹಿಂದೆ ಹೋಗಿ ಮತ್ತೆ ಬರುತ್ತದೆ. ಮೂರು ಸಲ ಸೋತರೆ ಬಜರ್. ರೋಬೋಟಿನ ಪಟ್ಟಿಗೂ ಬ್ಯಾಟರಿಗೂ ನಡುವೆ ಡಯೋಡ್ ಇರಲೇಬೇಕು. ಇಲ್ಲದಿದ್ದರೆ ಬ್ಯಾಟರಿಯದೇ ವೋಲ್ಟೇಜ್ ಕಂಡು ಡಾಕ್ ಆಯಿತೆಂದು ಮೋಸ ಹೋಗುತ್ತದೆ.

ಕಾಫಿ ಹೊಟ್ಟಿನ ಧೂಳು ಮಾತ್ರ ಪಟ್ಟಿಗೆ ಇನ್ನೂ ಕೂರುತ್ತದೆ. ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸುತ್ತೇನೆ.