ಶಿರೂರು ಮಠದ ತೀರ್ಪನ್ನು ನಾಲ್ಕು ಅಂಕಣಗಳಿಗೆ ಇಳಿಸುವುದು ಹೇಗೆ?

ಉಡುಪಿಯಲ್ಲಿ ಕಾನೂನು ಓದುವ ಮಕ್ಕಳ ಟಿಪ್ಪಣಿ ಪುಸ್ತಕಗಳನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. 1954ರ ಶಿರೂರು ಮಠದ ಪ್ರಕರಣ ಬಂದಾಗ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ರಥಬೀದಿ, ಅಷ್ಟಮಠ, ಪರ್ಯಾಯ ಎಲ್ಲವೂ ನಮ್ಮವರಿಗೆ ಪರಿಚಿತ. ಹಾಗಾಗಿ ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲವಾದ ಕಥೆಯೇ ‘ಸಂಗತಿಗಳು’ ಎಂಬ ಅಂಕಣದಲ್ಲಿ ಒಂದು ಪುಟ ತುಂಬುತ್ತದೆ, ನ್ಯಾಯಾಲಯ ಏನನ್ನು ನಿರ್ಧರಿಸಿತು ಎಂಬುದಕ್ಕೆ ಒಂದೂವರೆ ಸಾಲು ಉಳಿಯುತ್ತದೆ.

ಮೊದಲು ಹಾಳೆಯ ತಲೆಯಲ್ಲಿ ಪ್ರಕರಣದ ಹೆಸರು, ವರ್ಷ, ಎ.ಐ.ಆರ್. 1954 ಎಸ್.ಸಿ. 282 ಎಂಬ ಉಲ್ಲೇಖ ಮತ್ತು ಏಳು ನ್ಯಾಯಮೂರ್ತಿಗಳ ಪೀಠ ಎಂಬುದನ್ನು ಬರೆದುಕೊಳ್ಳಿ. ಹೆಸರಿನಲ್ಲಿ ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿಗಳ ಕಮಿಷನರ್ ಮೊದಲು ಬರುವುದು ಮದ್ರಾಸ್ ಹೈಕೋರ್ಟಿನಲ್ಲಿ ಶಿರೂರು ಮಠದ ಸ್ವಾಮೀಜಿ ಗೆದ್ದು, ಕಮಿಷನರ್ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದ ಕಾರಣ. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು.

ಸಂಗತಿಗಳು, ವಿವಾದಾಂಶ, ತೀರ್ಮಾನ, ಕಾರಣ ಎಂಬ ನಾಲ್ಕು ಅಂಕಣಗಳನ್ನು ಎಡದಿಂದ ಬಲಕ್ಕೆ ತುಂಬಬೇಡಿ. ವಿವಾದಾಂಶವನ್ನು ಮೊದಲು ಬರೆಯಿರಿ, ಸಂಗತಿಗಳನ್ನು ಕೊನೆಗೆ ಬರೆಯಿರಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ, ಏಕೆಂದರೆ ಪ್ರಶ್ನೆ ಯಾವುದೆಂದು ತಿಳಿಯದೆ ಯಾವ ಸಂಗತಿ ಬೇಕು, ಯಾವುದು ಬೇಡ ಎಂದು ಹೇಳಲು ಸಾಧ್ಯವೇ ಇಲ್ಲ. ಈ ತೀರ್ಪಿನಲ್ಲಿ ಪ್ರಶ್ನೆಗಳು ಹಲವು ಇರುವುದರಿಂದ ಪ್ರತಿ ಪ್ರಶ್ನೆಗೂ ಬೇರೆ ಸಾಲು ಹಾಕಬೇಕು. ‘ಕಾಯ್ದೆ ಸಿಂಧುವೇ?’ ಎಂದು ಬರೆದರೆ ಸಾಲದು. ಯಾವ ಕಲಮು, ಸಂವಿಧಾನದ ಯಾವ ವಿಧಿಗೆ ವಿರುದ್ಧ ಎಂಬುದೆರಡೂ ಆ ಪ್ರಶ್ನೆಯೊಳಗೆ ಇರಲೇಬೇಕು.

ನಿಜವಾದ ಕಷ್ಟ ಇರುವುದು ತೀರ್ಮಾನವನ್ನೂ ಅದರ ಕಾರಣವನ್ನೂ ಬೇರ್ಪಡಿಸುವುದರಲ್ಲಿ. ಈ ಪ್ರಕರಣದಲ್ಲಿ ಪ್ರಶ್ನಿಸಲಾದ 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯ 76ನೆಯ ಕಲಮನ್ನೇ ತೆಗೆದುಕೊಳ್ಳೋಣ. ಧಾರ್ಮಿಕ ಸಂಸ್ಥೆಗಳು ತಮ್ಮ ಆದಾಯದ ಶೇ 5ನ್ನು ಮೀರದ ವಂತಿಗೆಯನ್ನು ಪ್ರತಿ ವರ್ಷ ಸರ್ಕಾರಕ್ಕೆ ಕೊಡಬೇಕೆಂದು ಅದು ಹೇಳಿತ್ತು. ನ್ಯಾಯಾಲಯ ಅದನ್ನು ರದ್ದುಪಡಿಸಿತು. ಇಷ್ಟು ಓದಿದ ಕೂಡಲೇ ‘27ನೆಯ ವಿಧಿಯ ಉಲ್ಲಂಘನೆ’ ಎಂದು ಬರೆದುಬಿಡುತ್ತಾರೆ, ಅದು ತಪ್ಪು. ಈ ಹಣ ಯಾವುದೇ ಧರ್ಮದ ಪೋಷಣೆಗಲ್ಲ, ಸಂಸ್ಥೆಗಳ ಲೌಕಿಕ ಆಡಳಿತ ಸರಿಯಾಗಿ ನಡೆಯಲೆಂದು, ಆದ್ದರಿಂದ 27ನೆಯ ವಿಧಿ ಅಡ್ಡಬರುವುದಿಲ್ಲ ಎಂದೇ ನ್ಯಾಯಾಲಯ ಹೇಳಿದೆ. ಕಲಮು ಬಿದ್ದದ್ದು ಬೇರೆ ಕಾರಣಕ್ಕೆ. ವಸೂಲಿಗೂ ಸರ್ಕಾರ ಮಾಡುವ ವೆಚ್ಚಕ್ಕೂ ಸಂಬಂಧವಿರಲಿಲ್ಲ, ಹಣ ನೇರವಾಗಿ ರಾಜ್ಯದ ಸಂಚಿತ ನಿಧಿಗೆ ಹೋಗುತ್ತಿತ್ತು. ಹಾಗಾಗಿ ಅದು ಶುಲ್ಕವಲ್ಲ, ತೆರಿಗೆ. ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯ ಶಾಸಕಾಂಗಕ್ಕೆ ಇರಲಿಲ್ಲ.

ನಿಮ್ಮ ಬರಹವನ್ನು ಪರೀಕ್ಷಿಸಲು ‘ತೀರ್ಮಾನ’ದ ಅಂಕಣವನ್ನು ಕೈಯಿಂದ ಮುಚ್ಚಿ, ಕಾರಣವನ್ನಷ್ಟೇ ಓದಿ. ತೀರ್ಮಾನ ಏನೆಂದು ಅದರಿಂದಲೇ ಊಹಿಸಲು ಆಗದಿದ್ದರೆ ನೀವು ಕಾರಣವನ್ನು ಬರೆದಿಲ್ಲ ಎಂದರ್ಥ. ತೀರ್ಮಾನವನ್ನೇ ಬೇರೆ ಮಾತಿನಲ್ಲಿ ಮತ್ತೆ ಬರೆದಿದ್ದರೂ ಅದು ಕಾರಣವಾಗುವುದಿಲ್ಲ.

ಈಗ ಸಂಗತಿಗಳಿಗೆ ಬನ್ನಿ. ಪ್ರತಿಯೊಂದನ್ನೂ ಎತ್ತಿಕೊಂಡು, ಇದು ಇಲ್ಲದಿದ್ದರೆ ಉತ್ತರ ಬದಲಾಗುತ್ತಿತ್ತೇ ಎಂದು ಕೇಳಿ. 76ನೆಯ ಕಲಮಿನ ಪ್ರಶ್ನೆಗೆ ಪರ್ಯಾಯದ ಸಾಲ ಬೇಕಾಗಿಲ್ಲ. ಸಾಲವೇ ಇರದಿದ್ದರೂ ಆ ವಂತಿಗೆ ತೆರಿಗೆಯೇ ಆಗುತ್ತಿತ್ತು. ಹೀಗೆ ಜರಡಿ ಹಿಡಿದಾಗ ಉಳಿಯುವುದು ಇಷ್ಟು:

| ಸಂಗತಿಗಳು | ವಿವಾದಾಂಶ | ತೀರ್ಮಾನ | ಕಾರಣ |
|---|---|---|---|
| ಆದಾಯದ ಶೇ 5ರವರೆಗೆ ವಂತಿಗೆ. ಹಣ ಸಂಚಿತ ನಿಧಿಗೆ | ಕಲಮು 76ರ ವಂತಿಗೆ ಶುಲ್ಕವೇ, ತೆರಿಗೆಯೇ? | ತೆರಿಗೆ, ಆದ್ದರಿಂದ ಅಸಿಂಧು | ವಸೂಲಿಗೂ ಸೇವೆಯ ವೆಚ್ಚಕ್ಕೂ ಸಂಬಂಧವಿಲ್ಲ, ಅಂಥ ತೆರಿಗೆ ಹಾಕಲು ರಾಜ್ಯಕ್ಕೆ ಅಧಿಕಾರವಿಲ್ಲ |
| ಅದೇ ವಂತಿಗೆ. ಹಣ ಲೌಕಿಕ ಆಡಳಿತಕ್ಕೆ | ಕಲಮು 76 ಸಂವಿಧಾನದ 27ನೆಯ ವಿಧಿಗೆ ವಿರುದ್ಧವೇ? | ವಿರುದ್ಧವಲ್ಲ | ಉದ್ದೇಶ ಧರ್ಮಪೋಷಣೆಯಲ್ಲ |

ಧಾರ್ಮಿಕ ಪಂಗಡ, ಆಚರಣೆಯ ಅವಿಭಾಜ್ಯ ಭಾಗ ಮುಂತಾದ ಉಳಿದ ಪ್ರಶ್ನೆಗಳ ಸಾಲುಗಳನ್ನೂ ಇದೇ ಕ್ರಮದಲ್ಲಿ ತುಂಬಬಹುದು. ಪ್ರತಿ ಕಾರಣದ ಪಕ್ಕದಲ್ಲಿ ತೀರ್ಪಿನ ಪ್ಯಾರಾ ಸಂಖ್ಯೆ ಇರಲಿ. ಪರೀಕ್ಷೆಯ ಮುಂಚೆ ಅಂಗಡಿಗಳಲ್ಲಿ ಸಿಗುವ ತೆಳು ಗೈಡುಗಳನ್ನು ನಂಬಬೇಡಿ. 27ನೆಯ ವಿಧಿಯ ಮೇಲಿನ ತಪ್ಪನ್ನು ನಾನು ಮೊದಲು ಕಂಡದ್ದು ಅಂಥದ್ದೊಂದರಲ್ಲೇ. ವರದಿಯ ಹೆಡ್‌ನೋಟ್ ದಾರಿ ತೋರಿಸುತ್ತದೆ, ಆದರೆ ಅದು ಸಂಪಾದಕರು ಬರೆದದ್ದೇ ಹೊರತು ನ್ಯಾಯಾಲಯದ ಮಾತಲ್ಲ.

ಕೋಷ್ಟಕದ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಿ. ಮಠಾಧಿಪತಿಯ ಹಕ್ಕನ್ನು ಈ ತೀರ್ಪು 19(1)(ಎಫ್) ಅಡಿಯಲ್ಲಿ ಆಸ್ತಿಯೆಂದು ಒಪ್ಪಿತ್ತು, ಆದರೆ ಆ ಉಪವಿಧಿಯನ್ನು 44ನೆಯ ತಿದ್ದುಪಡಿ ತೆಗೆದುಹಾಕಿದೆ. 1958ರಲ್ಲಿ ನಮ್ಮ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ 26(ಬಿ)ಯ ಹಕ್ಕು 25(2)(ಬಿ)ಗೆ ಒಳಪಟ್ಟದ್ದೆಂದು ಸುಪ್ರೀಂ ಕೋರ್ಟ್ ಹೇಳಿತು. ಇವೆರಡನ್ನೂ ಆ ಜಾಗದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.