ಕೇಳುವ ಮೊದಲೇ ಉತ್ತರ: ಲೆಕ್ಕಪತ್ರ ವಿಭಾಗದಲ್ಲಿ ನನ್ನ ಅನುಭವ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಸೇರಿದ ಮೊದಲ ತಿಂಗಳುಗಳಲ್ಲಿ ಮಾಲೀಕರ ಅನುಮತಿಯಿಲ್ಲದೆ ಕೊರಿಯರ್‌ನವರಿಗೆ ಮುನ್ನೂರು ರೂಪಾಯಿ ಕೊಡುವುದಕ್ಕೂ ಆಗುತ್ತಿರಲಿಲ್ಲ. ಪ್ರತಿ ವೋಚರ್ ಅವರ ಮೇಜಿಗೆ ಹೋಗಬೇಕಿತ್ತು, ಪ್ರತಿ ಇಮೇಲ್‌ನ ಪ್ರತಿ ಅವರಿಗೆ ಸೇರಬೇಕಿತ್ತು, ಇಷ್ಟರ ಮೇಲೆ ದಿನಕ್ಕೆ ಆರೇಳು ಬಾರಿ ಇಂಟರ್‌ಕಾಂ ಹೊಡೆದುಕೊಳ್ಳುತ್ತಿತ್ತು. ಲೆಕ್ಕದ ಸಾಫ್ಟ್‌ವೇರ್ ಆದ ಟ್ಯಾಲಿಯಲ್ಲಿ ಒಂದು ನಮೂದನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗಿ, ಮರಳಿ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುವುದರಲ್ಲೇ ಹೊತ್ತು ಕಳೆಯುತ್ತಿತ್ತು.

ಬೇಸರದಿಂದಲೇ ನಾನು ಒಂದು ಕೆಲಸ ಆರಂಭಿಸಿದೆ. ಎರಡು ವಾರಗಳ ಕಾಲ, ಅಂದರೆ 12 ಕೆಲಸದ ದಿನ, ಅವರು ಕೇಳಿದ ಪ್ರತಿ ಪ್ರಶ್ನೆಯನ್ನು ಸಮಯದ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಟ್ಟು 74 ಪ್ರಶ್ನೆಗಳಿದ್ದವು. ಅವುಗಳಲ್ಲಿ 52 ಪ್ರಶ್ನೆಗಳು ಮೂರೇ ವಿಷಯಗಳ ಸುತ್ತ ತಿರುಗುತ್ತಿದ್ದವು: ಬ್ಯಾಂಕಿನಲ್ಲಿ ಎಷ್ಟಿದೆ, ಯಾವ ಗ್ರಾಹಕರಿಂದ ಹಣ ಬಂತು, ಮತ್ತು ಇಂಥ ತೆರಿಗೆಯ ಕೆಲಸ ಮುಗಿಯಿತೇ. ಅದರಲ್ಲೂ ಹೆಚ್ಚಿನವು ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯ ಒಳಗೆ ಬರುತ್ತಿದ್ದವು. ನನ್ನ ಕೆಲಸವನ್ನೆಲ್ಲ ಅವರು ಕೆದಕುತ್ತಿದ್ದಾರೆ ಎಂದು ನಾನು ಭಾವಿಸಿದ್ದೆ. ನೋಟ್‌ಬುಕ್ಕು ನೋಡಿದಾಗ ಅವರನ್ನು ಕಾಡುತ್ತಿದ್ದ ವಿಷಯಗಳು ಮೂರೇ ಎಂದು ತಿಳಿಯಿತು.

ಮೂರನೆಯ ಪ್ರಶ್ನೆಯ ಹಿಂದಿನ ಕಾರಣ ಹಳೆಯ ಕಡತದಲ್ಲಿ ಸಿಕ್ಕಿತು. ನನಗಿಂತ ಮುಂಚೆ ಇದ್ದವರು ಜಿಎಸ್‌ಟಿ ರಿಟರ್ನ್ ಸಲ್ಲಿಸದೆಯೇ "ಆಗಿದೆ ಸರ್" ಎಂದು ಹೇಳಿದ್ದರು. ನೋಟಿಸ್ ಬಂದ ಮೇಲೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕವನ್ನೂ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ದರದಲ್ಲಿ ಬಡ್ಡಿಯನ್ನೂ ಕಟ್ಟಬೇಕಾಗಿ ಬಂದಿತ್ತು. ಹಾಗಾಗಿ "ಆಗಿದೆ" ಎಂಬ ಮಾತಿಗೆ ಅವರ ಕಿವಿಯಲ್ಲಿ ಬೆಲೆಯೇ ಉಳಿದಿರಲಿಲ್ಲ. ಅಂದಿನಿಂದ ನಾನು ಆ ಪದವನ್ನು ಬಿಟ್ಟೆ. ರಿಟರ್ನ್ ಸಲ್ಲಿಸಿದ ಕೂಡಲೇ ಪೋರ್ಟಲ್ ಕೊಡುವ ಎಆರ್‌ಎನ್ ಸಂಖ್ಯೆಯನ್ನು, ಹಣ ಕಟ್ಟಿದ ಕೂಡಲೇ ಚಲನ್‌ನ ಚಿತ್ರವನ್ನು ಕಳುಹಿಸತೊಡಗಿದೆ.

ಉಳಿದ ಎರಡು ಪ್ರಶ್ನೆಗಳಿಗಾಗಿ ದಿನವೂ ಬೆಳಿಗ್ಗೆ 10.15ಕ್ಕೆ, ಅಂದರೆ ಅವರು ಕೇಳತೊಡಗುವ ಕಾಲು ಗಂಟೆ ಮೊದಲು, ಒಂದು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುವುದೆಂದು ನಿಶ್ಚಯಿಸಿದೆ. ಆದರೆ ಮೊದಲ ವಾರ ಅದು ಉಲ್ಟಾ ಹೊಡೆಯಿತು. ತಿಳಿದದ್ದನ್ನೆಲ್ಲ ಹದಿನೈದು ಸಾಲುಗಳಲ್ಲಿ ಬರೆಯುತ್ತಿದ್ದೆ. ಪ್ರತಿ ಸಾಲೂ ಅವರಲ್ಲಿ ಹೊಸ ಪ್ರಶ್ನೆಯನ್ನು ಹುಟ್ಟಿಸುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ಅಂಕಿಯಿಂದ. ಬ್ಯಾಂಕಿನಲ್ಲಿರುವ ಹಣ 6,10,000 ಎಂದು ಟ್ಯಾಲಿ ನೋಡಿ ಬರೆದಿದ್ದೆ. ಅವರ ಫೋನಿನ ಬ್ಯಾಂಕ್ ಆ್ಯಪ್‌ನಲ್ಲಿ 8,40,000 ಎಂದಿತ್ತು. ನಾವು ಕೊಟ್ಟ 2,30,000 ರೂಪಾಯಿಯ ಚೆಕ್ಕುಗಳು ಇನ್ನೂ ಪಾಸ್ ಆಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಆದರೂ "ಏನಮ್ಮಾ, ನಿನ್ನ ಲೆಕ್ಕವೇ ಬೇರೆ, ಬ್ಯಾಂಕಿನ ಲೆಕ್ಕವೇ ಬೇರೆ" ಎಂದರು, ಮತ್ತು ಆ ವಾರವಿಡೀ ವೋಚರ್‌ಗಳನ್ನು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿದು ನೋಡಿದರು. ಎದುರಿನವರು ಯಾವ ಪರದೆಯನ್ನು ನೋಡಿ ತಾಳೆ ಹಾಕುತ್ತಾರೋ ಆ ಪರದೆಯ ಅಂಕಿಯಿಂದಲೇ ನನ್ನ ಸಂದೇಶ ಆರಂಭವಾಗಬೇಕು ಎಂಬುದು ನನಗೆ ಆಗ ಹೊಳೆಯಿತು. ಮರುದಿನದಿಂದ ಸಂದೇಶದ ರೂಪ ಹೀಗಾಯಿತು:

"ಬ್ಯಾಂಕಿನಲ್ಲಿ 8,40,000. ಪಾಸ್ ಆಗಬೇಕಿರುವ ಚೆಕ್ 2,30,000. ಬಳಸಬಹುದಾದದ್ದು 6,10,000. ನಿನ್ನೆ ಬಂದ ಹಣ: ಒಬ್ಬ ಗ್ರಾಹಕರಿಂದ 1,75,000. ಮುಂದಿನ ತೆರಿಗೆ ದಿನಾಂಕ: 11, ಜಿಎಸ್‌ಟಿಆರ್-1, ಬಿಲ್ಲುಗಳು ಸಿದ್ಧ. ತಮ್ಮ ನಿರ್ಧಾರ ಬೇಕಿರುವುದು: ಇಂದು ಏನೂ ಇಲ್ಲ."

ಕೊನೆಯ ಸಾಲು ಚಿಕ್ಕದಾದರೂ ಅದೇ ಹೆಚ್ಚು ಕೆಲಸ ಮಾಡಿತು ಎಂದು ನನಗನ್ನಿಸುತ್ತದೆ, ಏಕೆಂದರೆ ಓದಿ ಮುಗಿಸಿದ ಮೇಲೆ ತಾವು ಏನಾದರೂ ಮಾಡಬೇಕೇ ಎಂಬ ಅನುಮಾನ ಅವರಿಗೆ ಉಳಿಯುತ್ತಿರಲಿಲ್ಲ.

ನಂಬಿಕೆ ನಿಜವಾಗಿ ಬಂದದ್ದು ಒಂದು ಕೆಟ್ಟ ಸುದ್ದಿಯ ದಿನ. ತಿಂಗಳ 14ರಂದು, ಪೂರೈಕೆದಾರರು ಸಲ್ಲಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ತೆರೆದು ನಮ್ಮ ಖರೀದಿಯೊಂದಿಗೆ ತಾಳೆ ನೋಡಿದಾಗ, 4,60,000 ರೂಪಾಯಿಯ ಒಂದು ಉಕ್ಕಿನ ಬಿಲ್ಲು ಅದರಲ್ಲಿ ಇರಲಿಲ್ಲ. ಪೂರೈಕೆದಾರರು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಅನ್ನು 11ರ ಬದಲು 12ರಂದು ಸಲ್ಲಿಸಿದ್ದರು. ಹಾಗಾಗಿ ಆ ಬಿಲ್ಲಿನ ತೆರಿಗೆ 82,800 ರೂಪಾಯಿ ಈ ತಿಂಗಳು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದಾದ ಕ್ರೆಡಿಟ್ ಆಗಿ ಸಿಗದೆ ಮುಂದಿನ ತಿಂಗಳಿಗೆ ಹೋಗುತ್ತಿತ್ತು, ಮತ್ತು 20ರ ಒಳಗೆ ಅಷ್ಟು ಹಣವನ್ನು ಕೈಯಿಂದ ಕಟ್ಟಬೇಕಾಗುತ್ತಿತ್ತು. ಹಿಂದಿನ ನಾನಾಗಿದ್ದರೆ ದಾರಿ ಹುಡುಕಿಕೊಂಡು 18ರ ಹೊತ್ತಿಗೆ ಹೇಳುತ್ತಿದ್ದೆ. ಅಂದು ಮೊದಲು ಆ ಪೂರೈಕೆದಾರರ ಲೆಕ್ಕಿಗರೊಂದಿಗೆ ಮಾತನಾಡಿ, ಒಂದು ಗಂಟೆಯೊಳಗೆ ಸರ್ ಅವರಿಗೆ ಬರೆದೆ: ಈ ತಿಂಗಳು 82,800 ಹೆಚ್ಚುವರಿಯಾಗಿ ಬೇಕು, ಕಾರಣ ಇದು, ಮುಂದಿನ ತಿಂಗಳು 14ರಂದು ಕ್ರೆಡಿಟ್ ಕಾಣಿಸಬೇಕು, ಅಲ್ಲಿಯವರೆಗೆ ಪೂರೈಕೆದಾರರ ಬಾಕಿಯಲ್ಲಿ ಇಷ್ಟೇ ಮೊತ್ತವನ್ನು ತಡೆಹಿಡಿಯೋಣ ಎಂಬುದು ನನ್ನ ಸಲಹೆ. ಸರ್ ಕೇಳಿದ್ದು ಒಂದೇ ಪ್ರಶ್ನೆ: "ಅವರು ಇದಕ್ಕೆ ಒಪ್ಪುತ್ತಾರಾ?" ಒಪ್ಪಿದ್ದಾರೆ ಎಂದೆ. ಮುಂದಿನ 14ರಂದು ಆ ಬಿಲ್ಲು ಕಾಣಿಸಿದ ಕೂಡಲೇ, ಅವರು ಮರೆತಿದ್ದರೂ, ಅದರ ಚಿತ್ರವನ್ನು ಕಳುಹಿಸಿ, ತಡೆಹಿಡಿದ ಹಣವನ್ನು ಬಿಡುಗಡೆ ಮಾಡಲು ಕೇಳಿದೆ.

ಇದಾದ ಮೇಲೆಯೇ ನಾನು ಸ್ವಾತಂತ್ರ್ಯದ ಮಾತೆತ್ತಿದ್ದು. ಅದನ್ನೂ ದೂರಿನ ರೂಪದಲ್ಲಿ ಇಡಲಿಲ್ಲ. "ಸರ್, ಕಳೆದ ಎರಡು ತಿಂಗಳಲ್ಲಿ ಹತ್ತು ಸಾವಿರದೊಳಗಿನ 43 ಬಿಲ್ಲುಗಳನ್ನು ತಮಗೆ ತೋರಿಸಿದ್ದೇನೆ. ಒಂದನ್ನೂ ತಾವು ಬದಲಿಸಲಿಲ್ಲ. ಇವುಗಳನ್ನು ನಾನೇ ಪರಿಶೀಲಿಸಿ, ಶುಕ್ರವಾರ ಒಂದೇ ಪಟ್ಟಿಯಲ್ಲಿ ಕೊಡಲೇ? ಒಂದು ತಿಂಗಳು ನೋಡೋಣ, ಸರಿಬರದಿದ್ದರೆ ಹಳೆಯ ಕ್ರಮಕ್ಕೇ ಹೋಗೋಣ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ಸಾವಿರಕ್ಕೆ ಶುರು ಮಾಡಮ್ಮ" ಎಂದರು. ಕೇಳಿದ್ದರಲ್ಲಿ ಅರ್ಧ ಸಿಕ್ಕರೂ ನಾನು ಚೌಕಾಶಿ ಮಾಡಲಿಲ್ಲ. ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿಯನ್ನು ನಾನು ನಮೂದಿಸಿ ಅವರು ಒಪ್ಪಿಗೆ ಕೊಡುವ ವ್ಯವಸ್ಥೆ ಹಾಗೆಯೇ ಉಳಿಯಿತು, ಉಳಿಯಬೇಕಾದದ್ದೂ ಹೌದು. ಹೋದದ್ದು ಪ್ರತಿ ಬಿಲ್ಲಿಗೂ ನಡೆಯುತ್ತಿದ್ದ ವಿಚಾರಣೆ. ನಾಲ್ಕು ತಿಂಗಳ ನಂತರ ಮಿತಿಯನ್ನು 25,000ಕ್ಕೆ ಏರಿಸಿದ್ದು ಅವರೇ, ನಾನು ಕೇಳಿದ್ದಲ್ಲ.

ಈ ಕ್ರಮ ಎಲ್ಲ ಕಡೆ ನಡೆಯುವುದಿಲ್ಲ. ಇದಕ್ಕೂ ಹಿಂದೆ ನಾನಿದ್ದ ಒಂದು ಕಡೆ, ನಾನೇ ಮುಂದಾಗಿ ಹೇಳಿದ ಪ್ರತಿ ತೊಂದರೆಯೂ ಮರುದಿನ ಎಲ್ಲರೆದುರು ಬೈಗುಳವಾಗಿ ಮರಳುತ್ತಿತ್ತು. ಅಲ್ಲಿ ತಿಳಿಯುವ ಆಸೆ ಇರಲಿಲ್ಲ, ಇದ್ದದ್ದು ಕೈಕೆಳಗೆ ಇಟ್ಟುಕೊಳ್ಳುವ ಆಸೆ. ವ್ಯತ್ಯಾಸ ಗುರುತಿಸಲು ನನಗೆ ನೋಟ್‌ಬುಕ್ಕೇ ಅಳತೆಗೋಲು: ಆರು ವಾರಗಳ ನಂತರವೂ, ಉತ್ತರ ಕೈಸೇರಿದ ಮೇಲೆಯೂ, ಅದೇ ಪ್ರಶ್ನೆಗಳು ಅಷ್ಟೇ ಸಂಖ್ಯೆಯಲ್ಲಿ ಬರುತ್ತಿದ್ದರೆ ಸಂದೇಶದಿಂದ ಆಗಬೇಕಾದದ್ದು ಏನೂ ಇಲ್ಲ. ಇಲ್ಲಿ ಆರನೆಯ ವಾರದಲ್ಲಿ ಮತ್ತೆ ಎಣಿಸಿದಾಗ ದಿನಕ್ಕೆ ಎರಡಕ್ಕಿಂತ ಹೆಚ್ಚು ಪ್ರಶ್ನೆಗಳಿರಲಿಲ್ಲ. ಒಮ್ಮೆ ಜ್ವರದಿಂದ ರಜೆ ಹಾಕಿ ಸಂದೇಶ ತಪ್ಪಿಸಿದ ದಿನ ಮಾತ್ರ ಹತ್ತೂವರೆಗೇ ಫೋನ್ ಬಂತು. ಆಮೇಲೆ ರಜೆಯ ದಿನಗಳಿಗೆಂದು ಸ್ಟೋರ್ಸ್‌ನ ಹುಡುಗನಿಗೆ ಆ ಸಂದೇಶವನ್ನು ಕಲಿಸಿದೆ.

ಈಗ ದಿನದ ಸಂದೇಶ ಸೋಮವಾರ ಮತ್ತು ಗುರುವಾರಕ್ಕೆ ಇಳಿದಿದೆ. ಸಂಬಳದ ಪಟ್ಟಿಯನ್ನು ಮಾತ್ರ ಅವರು ಇಂದಿಗೂ ಪ್ರತಿ ತಿಂಗಳು ಎದುರು ಕೂರಿಸಿಕೊಂಡು ಹೆಸರು ಹೆಸರಾಗಿ ಓದುತ್ತಾರೆ, ಯಾರ ಓವರ್‌ಟೈಮ್ ಎಷ್ಟು ಎಂದು ಕೇಳುತ್ತಾರೆ. ಮೂವತ್ತು ಜನರಲ್ಲಿ ಹೆಚ್ಚಿನವರು ಅವರೇ ಕರೆತಂದು ಸೇರಿಸಿಕೊಂಡವರು. ಆ ಒಂದು ಗಂಟೆಯನ್ನು ಕಡಿಮೆ ಮಾಡಿ ಎಂದು ನಾನು ಕೇಳಿಲ್ಲ.