ಗ್ರೀನ್ ಕಾರ್ಡ್ ಮೆಡಿಕಲ್‌ನಲ್ಲಿ ಟಿಬಿ ಪಾಸಿಟಿವ್ ಬಂದರೆ ಏನಾಗುತ್ತದೆ

ಅಮೆರಿಕದಲ್ಲೇ ಇದ್ದುಕೊಂಡು ಗ್ರೀನ್ ಕಾರ್ಡ್‌ಗೆ ಐ-485 ಅರ್ಜಿ ಹಾಕುವವರು ಐ-693 ಎಂಬ ವೈದ್ಯಕೀಯ ಫಾರ್ಮನ್ನೂ ಕೊಡಬೇಕು. 2024ರ ಡಿಸೆಂಬರ್ 2ರಿಂದ ಎರಡನ್ನೂ ಒಟ್ಟಿಗೇ ಕಳಿಸಬೇಕೆಂಬ ನಿಯಮವಿದೆ. ಫಾರ್ಮ್ ಇಲ್ಲದಿದ್ದರೆ ಅರ್ಜಿಯೇ ವಾಪಸ್ ಬರಬಹುದು. ಹಾಗಾಗಿ ಪ್ರಯಾರಿಟಿ ಡೇಟ್ ಕರೆಂಟ್ ಆದ ಮೇಲೆ, ಅಂದರೆ ಅರ್ಜಿ ಹಾಕುವ ಸರದಿ ಬಂದ ಮೇಲೆ, ಡಾಕ್ಟರ್ ಹುಡುಕಲು ಹೊರಟರೆ ಆ ತಿಂಗಳು ಕೈತಪ್ಪುವ ಸಾಧ್ಯತೆ ಹೆಚ್ಚು.

ಈ ಪರೀಕ್ಷೆಯನ್ನು ನಿಮ್ಮ ಮಾಮೂಲಿ ಡಾಕ್ಟರ್ ಮಾಡುವಂತಿಲ್ಲ. ವಲಸೆ ಇಲಾಖೆ ನೇಮಿಸಿದ ‘ಸಿವಿಲ್ ಸರ್ಜನ್’ ಮಾಡಬೇಕು. ನಮ್ಮೂರಿನ ಜಿಲ್ಲಾಸ್ಪತ್ರೆಯ ಸರ್ಜನ್‌ಗೂ ಈ ಹೆಸರಿಗೂ ಸಂಬಂಧವಿಲ್ಲ. ಇವರು ಖಾಸಗಿ ಕ್ಲಿನಿಕ್ ನಡೆಸುವ ಡಾಕ್ಟರೇ ಆಗಿರುತ್ತಾರೆ. ಇಲಾಖೆಯ ವೆಬ್‌ಸೈಟಿನ Find a Civil Surgeon ಪುಟದಲ್ಲಿ ನಿಮ್ಮ ಪಿನ್ ಕೋಡ್ ಹಾಕಿದರೆ ಹತ್ತಿರದವರ ಪಟ್ಟಿ ಸಿಗುತ್ತದೆ. ಶುಲ್ಕಕ್ಕೆ ಸರ್ಕಾರದ ಮಿತಿ ಇಲ್ಲ, ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ. ಫೋನ್ ಮಾಡಿದಾಗ ರಕ್ತಪರೀಕ್ಷೆ, ಎಕ್ಸ್‌ರೇ, ಲಸಿಕೆ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಕೇಳಿ. ಬರೀ ಪರೀಕ್ಷೆಯ ದರ ಹೇಳಿ ಲಸಿಕೆಗೆ ಬೇರೆ ಬಿಲ್ ಮಾಡುವ ಕ್ಲಿನಿಕ್‌ಗಳು ಬಹಳ.

ನಮ್ಮವರನ್ನು ಹೆಚ್ಚು ಕಾಡುವುದು ಟಿಬಿ ಪರೀಕ್ಷೆ. ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕಡ್ಡಾಯ. ಮುಂಗೈ ಚರ್ಮಕ್ಕೆ ಚುಚ್ಚಿ ಉಬ್ಬು ಅಳೆಯುತ್ತಿದ್ದ ಹಳೆಯ ಪರೀಕ್ಷೆಯಲ್ಲಿ, ಮಗುವಾಗಿದ್ದಾಗ ಹಾಕಿಸಿದ ಬಿಸಿಜಿಯಿಂದಲೇ ಪಾಸಿಟಿವ್ ಬರುವುದಿತ್ತು. ಹೊಸ ಪರೀಕ್ಷೆಯಲ್ಲಿ ಬಳಸುವ ಪ್ರೋಟೀನ್‌ಗಳು ಬಿಸಿಜಿ ಲಸಿಕೆಯ ರೋಗಾಣುವಿನಲ್ಲಿ ಇರುವುದೇ ಇಲ್ಲ. ಆದ್ದರಿಂದ ‘ನನಗೆ ಬಿಸಿಜಿ ಆಗಿದೆ, ಅದಕ್ಕೇ ಪಾಸಿಟಿವ್’ ಎಂದು ಡಾಕ್ಟರ್ ಮುಂದೆ ವಾದಿಸಿ ಫಲವಿಲ್ಲ. ಪಾಸಿಟಿವ್ ಬಂತೆಂದರೆ ಬಹುಮಟ್ಟಿಗೆ ಎಂದೋ ಒಮ್ಮೆ ಟಿಬಿ ರೋಗಾಣು ಮೈಗೆ ಸೇರಿದೆ ಎಂದರ್ಥ. ಊರಲ್ಲಿ ಬಸ್ಸು, ಶಾಲೆ, ಹಾಸ್ಟೆಲ್ ಎಂದು ಬೆಳೆದ ಯಾರಿಗಾದರೂ ಇದು ಆಗಿರಬಹುದು. ರೋಗಾಣು ಮೈಯಲ್ಲಿ ಸುಮ್ಮನೆ ಮಲಗಿರುವುದೇ ಬೇರೆ, ಕಾಯಿಲೆ ಇರುವುದೇ ಬೇರೆ.

ಐಜಿಆರ್‌ಎಯಲ್ಲೇ ಒಂದು ಬಗೆಯಾದ ಕ್ವಾಂಟಿಫೆರಾನ್ ಎಂಬ ಪರೀಕ್ಷೆಯಲ್ಲಿ ನಾಲ್ಕು ಪುಟ್ಟ ಟ್ಯೂಬಿಗೆ ತಲಾ ಒಂದು ಎಂ.ಎಲ್. ರಕ್ತ ತೆಗೆಯುತ್ತಾರೆ. ಒಂದು ಖಾಲಿ ಹೋಲಿಕೆಗೆ, ಎರಡರಲ್ಲಿ ಟಿಬಿಯ ಪ್ರೋಟೀನ್, ನಾಲ್ಕನೆಯದು ನಿಮ್ಮ ರೋಗನಿರೋಧಕ ಕಣಗಳು ಚುರುಕಾಗಿವೆಯೇ ಎಂದು ನೋಡಲು. ಟಿಬಿ ಟ್ಯೂಬಿನ ಅಂಕಿಯಿಂದ ಖಾಲಿ ಟ್ಯೂಬಿನ ಅಂಕಿ ಕಳೆದಾಗ 0.35 ಅಥವಾ ಹೆಚ್ಚು ಬಂದರೆ ಸಾಮಾನ್ಯವಾಗಿ ಪಾಸಿಟಿವ್. ನಾಲ್ಕನೆಯ ಟ್ಯೂಬೇ ಸ್ಪಂದಿಸದಿದ್ದರೆ ವರದಿಯಲ್ಲಿ ‘ಇಂಡಿಟರ್ಮಿನೇಟ್’ ಎಂದಿರುತ್ತದೆ. ಅದು ಪಾಸಿಟಿವ್ ಅಲ್ಲ, ಉತ್ತರ ಸಿಗಲಿಲ್ಲ ಎಂದಷ್ಟೇ.

ಒಂದು ಉದಾಹರಣೆ ನೋಡೋಣ. ಡಲ್ಲಾಸ್‌ನಲ್ಲಿರುವ 36 ವರ್ಷದ ಒಬ್ಬರಿಗೆ ಟಿಬಿ ಟ್ಯೂಬಿನಲ್ಲಿ 1.10, ಖಾಲಿ ಟ್ಯೂಬಿನಲ್ಲಿ 0.05 ಬಂತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 1.05, ಅಂದರೆ ಪಾಸಿಟಿವ್. ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಮಾಡಿಸಿ ನೆಗೆಟಿವ್ ತರುತ್ತೇನೆ ಎಂದು ಅವರು ಓಡಾಡುವುದು ಹಣ, ಸಮಯ ಎರಡೂ ದಂಡ. ಮುಂದಿನ ಹೆಜ್ಜೆ ಎದೆಯ ಎಕ್ಸ್‌ರೇ. ಅದು ಸರಿಯಿದ್ದು, ಕೆಮ್ಮು, ರಾತ್ರಿ ಬೆವರು, ತೂಕ ಇಳಿಯುವುದು ಇಂಥ ಲಕ್ಷಣ ಯಾವುದೂ ಇಲ್ಲದಿದ್ದರೆ ಡಾಕ್ಟರ್ ಫಾರ್ಮಿನಲ್ಲಿ ‘ಕ್ಲಾಸ್ ಬಿ, ಲೇಟೆಂಟ್ ಟಿಬಿ’ ಎಂದು ಗುರುತು ಹಾಕಿ ಸಹಿ ಮಾಡುತ್ತಾರೆ, ಸ್ಥಳೀಯ ಆರೋಗ್ಯ ಇಲಾಖೆಗೂ ತಿಳಿಸುತ್ತಾರೆ. ಗ್ರೀನ್ ಕಾರ್ಡಿಗೆ ಇದು ಅಡ್ಡಿಯಲ್ಲ. ಕ್ಲಾಸ್ ಎ, ಅಂದರೆ ಹರಡುವ ಟಿಬಿ ಕಾಯಿಲೆಯೇ ಇದೆ ಎಂದಾದರೆ ಮಾತ್ರ ಅಡ್ಡಿ. ಆರೋಗ್ಯ ಇಲಾಖೆಯಿಂದ ಕರೆ ಬಂದರೆ ಹೆದರಬೇಡಿ, ಚಿಕಿತ್ಸೆಯ ಬಗ್ಗೆ ಮಾತಾಡಲು ಕರೆಯುತ್ತಾರೆ. ಔಷಧಿ ತೆಗೆದುಕೊಳ್ಳಬೇಕೆಂಬ ಷರತ್ತು ಗ್ರೀನ್ ಕಾರ್ಡಿಗೆ ಇಲ್ಲ. ಆದರೂ ತೆಗೆದುಕೊಳ್ಳುವುದೇ ಒಳ್ಳೆಯದು, ಏಕೆಂದರೆ ಮಲಗಿರುವ ರೋಗಾಣು ಸಕ್ಕರೆ ಕಾಯಿಲೆ ಬಂದಾಗಲೋ ವಯಸ್ಸಾದಾಗಲೋ ಎದ್ದು ಕೂರಬಹುದು. ಈಗ ವಾರಕ್ಕೊಮ್ಮೆಯಂತೆ 12 ವಾರದ ಔಷಧಿಯೂ ಇದೆ, ದಿನವೂ ನುಂಗುವ ನಾಲ್ಕು ತಿಂಗಳಿನದೂ ಇದೆ.

ಎಕ್ಸ್‌ರೇಯಲ್ಲಿ ಟಿಬಿಯ ಅನುಮಾನ ಬರುವಂಥದ್ದು ಕಂಡರೆ ದಾರಿ ಉದ್ದವಾಗುತ್ತದೆ. ಡಾಕ್ಟರ್ ನಿಮ್ಮನ್ನು ಆರೋಗ್ಯ ಇಲಾಖೆಗೆ ಕಳಿಸಲೇಬೇಕು, ಅಲ್ಲಿಂದ ಉತ್ತರ ಬರುವವರೆಗೆ ಸಹಿ ಹಾಕುವಂತಿಲ್ಲ. ಮೂರು ಸಲ ಕಫದ ಮಾದರಿ ಕೊಡಬೇಕು. ಸೂಕ್ಷ್ಮದರ್ಶಕದ ಪರೀಕ್ಷೆ ಬೇಗ ಮುಗಿದರೂ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್‌ಗೆ ಎಂಟು ವಾರದವರೆಗೂ ಕಾಯಬೇಕಾಗುತ್ತದೆ. ಹಿಂದೆಂದಾದರೂ ಟಿಬಿಗೆ ಚಿಕಿತ್ಸೆ ಪಡೆದಿದ್ದರೆ ಚಿಕಿತ್ಸಾ ಕಾರ್ಡು, ಹಳೆಯ ಎಕ್ಸ್‌ರೇ ಊರಿಂದ ಮೊದಲೇ ತರಿಸಿಟ್ಟುಕೊಳ್ಳಿ. ಎಕ್ಸ್‌ರೇಯಲ್ಲಿ ಕಂಡ ಕಲೆ ಹಳೆಯದು, ಬದಲಾಗಿಲ್ಲ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಗರ್ಭಿಣಿಯರು ಪಾಸಿಟಿವ್ ಬಂದರೆ ಹೊಟ್ಟೆಗೆ ರಕ್ಷಾಕವಚ ಹಾಕಿಸಿಕೊಂಡು ಎಕ್ಸ್‌ರೇ ತೆಗೆಸಬಹುದು, ಇಲ್ಲವೇ ಹೆರಿಗೆಯ ನಂತರ ತೆಗೆಸಬಹುದು. ಆದರೆ ಎಕ್ಸ್‌ರೇ ಆಗುವವರೆಗೆ ಫಾರ್ಮ್ ಮುಗಿಯುವುದಿಲ್ಲ.

ಲಸಿಕೆಯ ವಿಷಯದಲ್ಲಿ ಆಗುವ ಒಂದು ತಪ್ಪೂ ಟಿಬಿ ಪರೀಕ್ಷೆಗೇ ತಟ್ಟುತ್ತದೆ. ದುಡ್ಡು ಉಳಿಸಲು ಫಾರ್ಮಸಿಯಲ್ಲಿ ಎಂಎಂಆರ್ ಅಥವಾ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಕೊಂಡು ಮರುವಾರ ರಕ್ತ ಕೊಡಲು ಹೋಗುತ್ತಾರೆ. ಇವು ಜೀವಂತ ವೈರಸ್ಸಿನ ಲಸಿಕೆಗಳು, ಕೆಲವು ವಾರ ಟಿಬಿ ಪರೀಕ್ಷೆಯ ಫಲಿತಾಂಶವನ್ನು ಮಂಕು ಮಾಡಬಲ್ಲವು. ರಕ್ತವನ್ನು ಲಸಿಕೆಗೆ ಮೊದಲು ಅಥವಾ ಅದೇ ದಿನ ಕೊಡಿ. ಆಗದಿದ್ದರೆ ನಾಲ್ಕರಿಂದ ಆರು ವಾರ ಕಾಯಬೇಕು.

ಊರಿನ ಲಸಿಕೆ ಪುಸ್ತಕ ಇದ್ದರೆ ತನ್ನಿ. ಆದರೆ ಒಂಬತ್ತನೇ ತಿಂಗಳಲ್ಲಿ ಹಾಕಿಸಿದ ದಡಾರದ ಚುಚ್ಚುಮದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ವರ್ಷ ತುಂಬಿದ ಮೇಲೆ ಹಾಕಿಸಿದ್ದೇ ಬೇಕು. ದಾಖಲೆ ಇಲ್ಲದಿದ್ದರೆ ದಡಾರ, ಮಂಗನಬಾವು, ರುಬೆಲ್ಲಾ, ಹೆಪಟೈಟಿಸ್ ಬಿಗಳಿಗೆ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇದೆಯೇ ಎಂದು ನೋಡಬಹುದು. ಚಿಕ್ಕಂದಿನಲ್ಲಿ ಅಮ್ಮ ಆಗಿತ್ತು ಎನ್ನುವವರು ‘ಚಿಕನ್‌ಪಾಕ್ಸ್’ ಎಂದೇ ಸ್ಪಷ್ಟವಾಗಿ ಹೇಳಿ, ಡಾಕ್ಟರ್ ಒಪ್ಪಿದರೆ ಆ ಲಸಿಕೆ ಬೇಕಿಲ್ಲ. ಹಲವು ಡೋಸಿನ ಲಸಿಕೆಗಳಲ್ಲಿ ಆ ದಿನಕ್ಕೆ ಸಲ್ಲುವ ಒಂದು ಡೋಸ್ ಸಾಕು, ಪೂರ್ತಿ ಸರಣಿ ಮುಗಿಯುವವರೆಗೆ ಫಾರ್ಮ್ ತಡೆಯಬೇಕಿಲ್ಲ. ಫ್ಲೂ ಲಸಿಕೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಕೇಳುತ್ತಾರೆ. ಕೋವಿಡ್ ಲಸಿಕೆ 2025ರ ಜನವರಿಯಿಂದ ಬೇಕಿಲ್ಲ.

ಉಳಿದ ಪರೀಕ್ಷೆಗಳು ಚಿಕ್ಕವು. 18ರಿಂದ 44 ವರ್ಷದವರಿಗೆ ಸಿಫಿಲಿಸ್, 18ರಿಂದ 24ರವರಿಗೆ ಗೊನೊರಿಯಾ. ಪಾಸಿಟಿವ್ ಬಂದರೆ ಚಿಕಿತ್ಸೆ ಮುಗಿಸಿದ ದಾಖಲೆ ಸಾಕು. ಎಚ್‌ಐವಿ ಪರೀಕ್ಷೆಯನ್ನು 2010ರಲ್ಲೇ ಕೈಬಿಟ್ಟರು. ಕುಡಿದು ಗಾಡಿ ಓಡಿಸಿ ಬಂಧನವಾಗಿದ್ದರೆ ಅದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಪೊಲೀಸ್ ದಾಖಲೆ ಇಲಾಖೆಗೆ ಹೇಗೂ ಸಿಗುತ್ತದೆ, ಆಗ ಮತ್ತೆ ಪರೀಕ್ಷೆಗೆ ಕರೆಯುತ್ತಾರೆ.

ಕೊನೆಯಲ್ಲಿ ಫಾರ್ಮನ್ನು ಲಕೋಟೆಗೆ ಹಾಕಿ ಸೀಲ್ ಮಾಡಿ ಕೊಡುತ್ತಾರೆ. ಅದನ್ನು ಬಿಚ್ಚಿದರೆ ಸ್ವೀಕರಿಸುವುದಿಲ್ಲ. ಸೀಲ್ ಮಾಡುವ ಮೊದಲೇ ಒಂದು ಪ್ರತಿ ಕೇಳಿ ಪಡೆದು, ಹೆಸರು, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಂತೆ ಇದೆಯೇ, ಪ್ರತಿ ಪುಟದ ಕೆಳಗಿನ ಆವೃತ್ತಿ ದಿನಾಂಕ ಈಗಿನದೇ ಎಂದು ನೋಡಿಕೊಳ್ಳಿ. 2025ರ ಜೂನ್ 11ರಿಂದ ಈ ಫಾರ್ಮ್, ಜೊತೆಗೆ ಕೊಟ್ಟ ಅರ್ಜಿ ಬಾಕಿ ಇರುವವರೆಗೆ ಮಾತ್ರ ಊರ್ಜಿತ. ಅರ್ಜಿ ತಿರಸ್ಕೃತವಾದರೆ ಅಥವಾ ನೀವೇ ಹಿಂದಕ್ಕೆ ಪಡೆದರೆ ಮುಂದಿನ ಅರ್ಜಿಗೆ ಪರೀಕ್ಷೆ ಹೊಸದಾಗಿ ಮಾಡಿಸಬೇಕು. ಆಗ ಹಳೆಯ ಪ್ರತಿಯಲ್ಲಿರುವ ಲಸಿಕೆ ವಿವರ, ಎಕ್ಸ್‌ರೇ ವರದಿ ಮತ್ತೆ ಉಪಯೋಗಕ್ಕೆ ಬರುತ್ತವೆ.